54 ನಿಮಿಷದ ಪಾಠಕ್ಕೆ ಕತ್ತರಿ ಹಾಕಿದ್ದು

ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠದ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಬೆಂಗಳೂರಿನಲ್ಲೇ ಒಂದು ಚಿಕ್ಕ ತಂಡ. ಕ್ಲಾಸ್‌ರೂಮಿನಲ್ಲಿ ರೆಕಾರ್ಡ್ ಮಾಡಿದ 54 ನಿಮಿಷದ ಪಾಠವೊಂದು ಇತ್ತು. ವಿಷಯ ಟ್ರಾನ್ಸ್‌ಫಾರ್ಮರಿನ ಓಪನ್ ಸರ್ಕ್ಯೂಟ್ ಮತ್ತು ಶಾರ್ಟ್ ಸರ್ಕ್ಯೂಟ್ ಟೆಸ್ಟ್. ಮೊದಲು ಅದನ್ನು ಆರಾರು ನಿಮಿಷಕ್ಕೆ ಕಡಿದೆ. ಎಡ್‌ಎಕ್ಸ್‌ನ ಆನ್‌ಲೈನ್ ಪಾಠಗಳ ಮೇಲೆ 2014ರಲ್ಲಿ ಬಂದ ಅಧ್ಯಯನದಿಂದ, ವಿಡಿಯೊ ಆರು ನಿಮಿಷ ದಾಟಬಾರದು ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ ಅಲ್ವಾ, ಅದನ್ನೇ ಹಿಡಿದಿದ್ದೆ. ಮೇಷ್ಟ್ರು ವಾಟ್‌ಮೀಟರ್ ಜೋಡಿಸುತ್ತಿರುವಾಗಲೇ ಒಂದು ತುಂಡು ಮುಗಿದುಹೋಯಿತು. ವಾಪಸ್ ತೆಗೆದು ಇಡೀ ವಿಡಿಯೊವನ್ನೇ ಹಾಕಿ, ಜನ ಎಲ್ಲಿ ಬಿಡುತ್ತಾರೆ ನೋಡೋಣ ಅಂದುಕೊಂಡೆ.

ಇಡೀ ವಿಡಿಯೊದ ಗ್ರಾಫ್ ನೋಡಿದರೆ ಏನೂ ತಿಳಿಯುವುದಿಲ್ಲ. ಅದು ಶುರುವಿನಿಂದ ಕೊನೆಯವರೆಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಮೇಷ್ಟ್ರು ವಿಷಯ ಬದಲಿಸುವ ಕಡೆಯೆಲ್ಲ ಗೆರೆ ಹಾಕಿ ಪಾಠವನ್ನು ಭಾಗಗಳಾಗಿ ಗುರುತಿಸಿಕೊಂಡೆ. ಕತ್ತರಿಸಲಿಲ್ಲ, ಬರೀ ಗುರುತು. ನಮ್ಮ ಪ್ಲೇಯರ್ 10 ಸೆಕೆಂಡಿಗೊಮ್ಮೆ ಹುಡುಗ ಎಲ್ಲಿದ್ದಾನೆ ಎಂದು ಬರೆದಿಡುತ್ತದೆ. ಒಂದು ಭಾಗದ ಮೊದಲ 30 ಸೆಕೆಂಡ್ ನೋಡಿದವರು ಎಷ್ಟು ಜನ, ಅವರಲ್ಲಿ ಹಾರಿಸದೆ ಆ ಭಾಗದ ಕೊನೆ ತಲುಪಿದವರು ಎಷ್ಟು ಜನ, ಇಷ್ಟೇ ಎಣಿಸಿದೆ. ಇಲ್ಲಿ ಭಾಗಿಸಬೇಕಾದ್ದು ಆ ಭಾಗ ಶುರು ಮಾಡಿದವರ ಸಂಖ್ಯೆಯಿಂದ. ವಿಡಿಯೊ ತೆರೆದವರ ಸಂಖ್ಯೆಯಿಂದ ಭಾಗಿಸಿದರೆ ಕೊನೆಯ ಭಾಗಗಳೆಲ್ಲ ಕೆಟ್ಟದಾಗಿ ಕಾಣುತ್ತವೆ, ತಪ್ಪು ಅವುಗಳದ್ದಲ್ಲದಿದ್ದರೂ.

ಆಗ ಒಂದು ಜಾಗ ಎದ್ದು ಕಂಡಿತು. 11:00ರಿಂದ 18:10ರವರೆಗೆ ಓಪನ್ ಸರ್ಕ್ಯೂಟ್ ಟೆಸ್ಟಿನ ಜೋಡಣೆ: 82 ಜನ ಶುರು ಮಾಡಿ 72 ಜನ ಮುಗಿಸಿದ್ದರು, 88%. ಮುಂದಿನ ಭಾಗ 25:36ರವರೆಗೆ: ಆ 72ರಲ್ಲಿ ಮುಗಿಸಿದವರು 31, ಅಂದರೆ 43%. ಜನ ಕಳಚಿಕೊಂಡದ್ದು ಜಾಸ್ತಿ 21:20ರ ಸುಮಾರಿಗೆ.

ಅಲ್ಲೇ ಕತ್ತರಿಸಬೇಕು ಅನಿಸುತ್ತದೆ. ನಾನು ಮೊದಲು ಉಳಿದ 41 ಜನ ಎಲ್ಲಿ ಹೋದರು ಎಂದು ನೋಡಿದೆ. 15 ಜನ ವಿಡಿಯೊ ಮುಚ್ಚಿದ್ದರು. 26 ಜನ ಮುಂದಕ್ಕೆ ಓಡಿಸಿ ಶಾರ್ಟ್ ಸರ್ಕ್ಯೂಟ್ ಟೆಸ್ಟಿಗೆ ಹೋಗಿದ್ದರು! ಅವರಿಗೆ ಪಾಠ ಬೇಕಿತ್ತು, ಈ ತುಂಡು ಬೇಡವಾಗಿತ್ತು. 20:28ಕ್ಕೆ ಮೇಷ್ಟ್ರು ಬೋರ್ಡ್ ಒರೆಸಿ ಲೆಕ್ಕ ಶುರು ಮಾಡುತ್ತಾರೆ: 230 ವೋಲ್ಟ್, 0.5 ಆಂಪ್, 60 ವ್ಯಾಟ್, ಪವರ್ ಫ್ಯಾಕ್ಟರ್ ಸುಮಾರು 0.52. ಒಬ್ಬ ಹುಡುಗನನ್ನು ಕೇಳಿದೆ. "ಸಾರ್, ಕೆಂಗೇರಿ ಬಸ್ಸಲ್ಲಿ ನಿಂತ್ಕೊಂಡು ಕ್ಯಾಲ್ಕುಲೇಟರ್ ಹೇಗೆ ಒತ್ಲಿ?" ಅಂದ.

ಜನ ಬೇಸರವಾದ ತಕ್ಷಣ ಬಿಡುವುದಿಲ್ಲ, ಸ್ವಲ್ಪ ಹೊತ್ತು ಕಾದು ನೋಡುತ್ತಾರೆ. ಇಲ್ಲಿ ಕಾದದ್ದು 52 ಸೆಕೆಂಡ್. ಹಾಗಾಗಿ ಕಡಿಯಬೇಕಾದ ಜಾಗ ಗ್ರಾಫ್ ಬಿದ್ದ ಕಡೆ ಅಲ್ಲ, ಅದಕ್ಕೂ ಹಿಂದೆ, ವಿಷಯ ತಿರುಗಿದ ಕಡೆ. ಬೋರ್ಡ್ ಒರೆಸುವ ಮೌನ ಇದ್ದದ್ದು ಅದೃಷ್ಟ, ಮಾತಿನ ನಡುವೆ ಕತ್ತರಿ ಬೀಳಲಿಲ್ಲ. ಲೆಕ್ಕದ ತುಂಡನ್ನು ffmpeg ಎಂಬ ಟೂಲಿನಿಂದ ಹೀಗೆ ಕಡಿದೆ:

```
ffmpeg -i path.mp4 -ss 00:20:28 -to 00:25:36 -c:v libx264 -c:a aac lekka.mp4
```

ಬೇಗ ಆಗಲಿ ಅಂತ `-c copy` ಹಾಕಿದರೆ ವಿಡಿಯೊ ಕೀಫ್ರೇಮ್, ಅಂದರೆ ಪೂರ್ತಿ ಚಿತ್ರ ಉಳಿಸಿಟ್ಟ ಫ್ರೇಮ್, ಇರುವ ಕಡೆಯಿಂದಲೇ ಶುರುವಾಗುತ್ತದೆ. ಕೆಲವು ಸೆಕೆಂಡ್ ಆಚೀಚೆ ಆಗಿ ಶುರುವಿನಲ್ಲಿ ದನಿ ಬಂದರೂ ಚಿತ್ರ ಬರದೇ ಇರಬಹುದು.

11:00ರಿಂದ 20:28ರವರೆಗಿನದು ಒಂದೇ ತುಂಡಾಗಿ ಉಳಿಯಿತು. ಒಂಬತ್ತೂವರೆ ನಿಮಿಷ. ಉದ್ದ ಅಂತ ಗೆಳೆಯರು ಗೊಣಗಿದರು. ಬಿಡದೆ ನೋಡುತ್ತಿರುವುದನ್ನು ಸುಮ್ನೆ ಯಾಕೆ ಕಡಿಯಬೇಕು? ಲೆಕ್ಕದ ತುಂಡನ್ನು ಮುಂದಿನ ಬ್ಯಾಚಿನಲ್ಲಿ ಕಡಿಮೆ ಜನ ತೆರೆದರು, ಅದೂ ಹೆಚ್ಚಾಗಿ ರಾತ್ರಿ. ಆದರೆ 51 ಜನರಲ್ಲಿ 40 ಜನ ಮುಗಿಸಿದರು.

ಎಡವಿದ್ದು ಶಾರ್ಟ್ ಸರ್ಕ್ಯೂಟ್ ಟೆಸ್ಟಿನ ತುಂಡಿನಲ್ಲಿ. ಮೊದಲ ನಿಮಿಷದಲ್ಲೇ ಜನ ಹಿಂದಿನ ತುಂಡಿಗೆ ವಾಪಸ್ ಓಡುತ್ತಿದ್ದರು. ಕೇಳಿಸಿಕೊಂಡರೆ ಮೇಷ್ಟ್ರು "ಆಗಲೇ ಬರೆದ್ವಲ್ಲ, ಅದೇ ಚಿತ್ರದಲ್ಲಿ ಈ ಕಡೆ ಶಾರ್ಟ್ ಮಾಡಿ" ಅನ್ನುತ್ತಾರೆ. ಆ ಚಿತ್ರ ಈ ತುಂಡಿನಲ್ಲಿ ಇಲ್ಲ. ಬೋರ್ಡಿನ ಫೋಟೊ 10 ಸೆಕೆಂಡ್ ಹಾಕಿ, ಲೋ ವೋಲ್ಟೇಜ್ ಕಡೆ ಶಾರ್ಟ್ ಮಾಡಿ ಹೈ ವೋಲ್ಟೇಜ್ ಕಡೆಯಿಂದ ಸ್ವಲ್ಪವೇ ವೋಲ್ಟೇಜ್ ಕೊಡುತ್ತೇವೆ ಎಂದು ಮೇಷ್ಟ್ರ ದನಿಯಲ್ಲೇ ಒಂದು ವಾಕ್ಯ ಸೇರಿಸಿದೆ. ಓಡಾಟ ನಿಂತಿತು.

41ನೇ ನಿಮಿಷದ ಹತ್ತಿರ ಇನ್ನೊಂದು ಭಾಗದಲ್ಲೂ ಮುಗಿಸಿದವರು ತೀರಾ ಕಡಿಮೆ. ಎಲ್ಲಿ ಕಡಿಯಲಿ ಎಂದು ಎರಡು ಸಂಜೆ ತಲೆ ಕೆಡಿಸಿಕೊಂಡೆ. ಇಯರ್‌ಫೋನ್ ಹಾಕಿ ಕೇಳಿದಾಗ ಗೊತ್ತಾಯಿತು, ಮೈಕಿನ ವೈರ್ ಸಡಿಲಾಗಿ ಬರೀ ಗರಗರ. ಅಲ್ಲಿ ಕತ್ತರಿ ಇಳಿಸಿಟ್ಟು ಮೇಷ್ಟ್ರಿಗೆ ಫೋನ್ ಮಾಡಿದೆ. ಶನಿವಾರ ಬಂದು ಆ ನಾಲ್ಕು ನಿಮಿಷ ಮತ್ತೆ ಹೇಳಿ ಹೋದರು.