ಹೆಸರು ಮುಚ್ಚಿದ ಮೇಲೂ ಉಳಿದದ್ದು: ಪೇಪರ್ ತಿದ್ದಿದ ನನ್ನ ಅನುಭವ

ಕಾಸರಗೋಡಿನ ನಮ್ಮ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಕಳೆದ ಕ್ರಿಸ್‌ಮಸ್ ಪರೀಕ್ಷೆಯ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಪೇಪರುಗಳನ್ನು ಯಾರದ್ದು ಎಂದು ಗೊತ್ತಾಗದ ಹಾಗೆ ತಿದ್ದಿದೆವು. ಈ ಸಲ ಅದು ಸರಿಯಾಗಿ ನಡೆಯಿತು. ಎರಡು ವರ್ಷದಿಂದ "ಇದೆಲ್ಲ ಯಾಕೆ ಮಾಷ್ಟ್ರೇ, ನಮಗೆ ಮಕ್ಕಳ ಮೇಲೆ ದ್ವೇಷ ಉಂಟಾ?" ಎಂದು ಕೇಳುತ್ತಿದ್ದವರೇ ಈಗ ನನ್ನ ಹತ್ತಿರ ಇದನ್ನು ಮಾಡುವುದು ಹೇಗೆ ಎಂದು ಕೇಳುತ್ತಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಫಾಲ್ಸ್ ನಂಬರ್ ಎಂದರೆ ರಿಜಿಸ್ಟರ್ ನಂಬರ್ ಮುಚ್ಚಿ ಅದರ ಬದಲು ಪೇಪರಿಗೆ ಹಾಕುವ ಗುಪ್ತ ನಂಬರ್. ಯೂನಿವರ್ಸಿಟಿ ಪೇಪರ್ ತಿದ್ದಿದವರಿಗೆಲ್ಲ ಗೊತ್ತು. ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಮೂವತ್ತು ಮಕ್ಕಳಿರುವ, ಎಲ್ಲರನ್ನೂ ಎಲ್ಲರೂ ಬಲ್ಲ ಊರ ಶಾಲೆಯಲ್ಲಿ ಅದು ನಡೆಯುತ್ತದಾ?

ಮೊದಲು ಮಾಡಿದ್ದು ಸುಲಭದ ಕೆಲಸ. ಮುಖಪುಟದ ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿದೆವು, ರೋಲ್ ನಂಬರ್ ಮಾತ್ರ ಬಿಟ್ಟೆವು. ಅದು ಒಂದು ದಿನವೂ ನಿಲ್ಲಲಿಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಹುಡುಗರು ಮೊದಲು, ಹುಡುಗಿಯರು ಆಮೇಲೆ, ಒಳಗೆ ಅಕ್ಷರ ಕ್ರಮ. ನಂಬರ್ ನೋಡಿದರೆ ಹುಡುಗನೋ ಹುಡುಗಿಯೋ ಗೊತ್ತಾಗುತ್ತದೆ, ಸ್ವಲ್ಪ ಯೋಚಿಸಿದರೆ ಹೆಸರೂ ಗೊತ್ತಾಗುತ್ತದೆ. ಅಡಿಷನಲ್ ಶೀಟುಗಳಲ್ಲಿ ಮಕ್ಕಳು ತಮ್ಮಷ್ಟಕ್ಕೆ ಹೆಸರು ಬರೆಯುತ್ತಾರೆ. ಹಾಳೆಯ ನೆತ್ತಿಯಲ್ಲಿ ಒಬ್ಬನದ್ದು 'ಓಂ', ಇನ್ನೊಬ್ಬಳದ್ದು '786', ಮತ್ತೊಬ್ಬನದ್ದು ಸಣ್ಣ ಶಿಲುಬೆ. ಹೆಸರು ಮುಚ್ಚಿ ಇದನ್ನು ಬಿಟ್ಟರೆ ಏನು ಪ್ರಯೋಜನ? ಈಗ ಪರೀಕ್ಷೆಯ ಮೊದಲೇ ಮಕ್ಕಳಿಗೆ ಹೇಳುತ್ತೇವೆ, ನೆತ್ತಿಯ ಎರಡು ಗೆರೆ ಖಾಲಿ ಬಿಡಬೇಕು. ಬರೆದವರ ಹಾಳೆಗೆ ಆಫೀಸಿನ ಟೀಚರ್ ಪಟ್ಟಿ ಅಂಟಿಸುತ್ತಾರೆ. ಕೋಡ್ ಹಾಕುವುದೂ ಅವರೇ. ಯಾವ ಕೋಡ್ ಯಾರದ್ದು ಎಂಬ ಪಟ್ಟಿ ಅವರ ಬೀರುವಿನಲ್ಲಿ ಇರುತ್ತದೆ. ಕೋಡನ್ನು ಯಾವ ಕ್ರಮದಲ್ಲಿ ಹಾಕುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಮಕ್ಕಳೂ ಓದುತ್ತಾರೆ.

ಆಮೇಲೆ ಅಳತೆ. ಸುಮ್ನೆ "ಚೆನ್ನಾಗಿ ಆಯಿತು" ಎಂದರೆ ಯಾರೂ ನಂಬುವುದಿಲ್ಲ. ಪರೀಕ್ಷೆಯ ಮುಂಚೆಯೇ ಕ್ಲಾಸ್ ಟೀಚರಿಂದ ಒಂದು ಪಟ್ಟಿ ಬರೆಸಿ ಲಕೋಟೆಗೆ ಹಾಕಿದೆ. ಯಾರು ಕೈಯೆತ್ತಿ ಉತ್ತರ ಹೇಳುತ್ತಾರೆ, ಯಾರಿಗೆ 'ಒಳ್ಳೆ ಮಗು' ಎಂಬ ಹೆಸರಿದೆ, ಯಾರು ಸುಮ್ಮನೆ ಕೂರುತ್ತಾರೆ ಎಂಬ ಪಟ್ಟಿ ಅದು. ಇದು ಮುಖ್ಯ. ಮಾರ್ಕ್ ಬಂದ ಮೇಲೆ ಜಾಸ್ತಿ ಬಂದವರನ್ನು ಆರಿಸಿ ಎರಡನೇ ಸಲ ತಿದ್ದಿದರೆ ಅವರ ಮಾರ್ಕ್ ಹೇಗೂ ಸ್ವಲ್ಪ ಇಳಿಯುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ತಿದ್ದುವ ಮೊದಲು ಎಲ್ಲ ಪೇಪರುಗಳ ಜೆರಾಕ್ಸ್ ತೆಗೆಸಿದೆ. ಹತ್ತಿರ ಹತ್ತಿರ ನಾನೂರೈವತ್ತು ರೂಪಾಯಿ, ನನ್ನ ಕಿಸೆಯಿಂದ. ಪಿಟಿಎಯಲ್ಲಿ ಕೇಳಿದಾಗ ಇದಕ್ಕೆ ಲೆಕ್ಕದ ಶೀರ್ಷಿಕೆ ಇಲ್ಲ ಎಂದರು.

ಮೊದಲ ಸಲ ಹೆಸರಿರುವ ಕಟ್ಟನ್ನು ಮತ್ತು ಹೆಸರಿಲ್ಲದ ಕಟ್ಟನ್ನು ನಮ್ಮ ಶಾಲೆಯ ಇಬ್ಬರೇ ಹಂಚಿಕೊಂಡು ತಿದ್ದಿದೆವು. ಮಾರ್ಕಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಮಾಧಾನ, ನಮ್ಮಲ್ಲಿ ಪಕ್ಷಪಾತ ಇಲ್ಲ ಎಂದು ಸಾಬೀತಾಯಿತಲ್ಲ! ನನಗೆ ಅನುಮಾನ ಹೋಗಲಿಲ್ಲ. ಇನ್ನೊಬ್ಬ ಮಾಷ್ಟ್ರಿಗೆ ಇಪ್ಪತ್ತರಷ್ಟು ಹೆಸರಿಲ್ಲದ ಪೇಪರ್ ಕೊಟ್ಟು ಯಾರದ್ದೆಂದು ಊಹಿಸಿ ಎಂದೆ. ಮುಕ್ಕಾಲು ಪಾಲು ಸರಿ ಹೇಳಿದರು. ವರ್ಷವಿಡೀ ನೋಟ್‌ಬುಕ್ ತಿದ್ದಿದ ಕಣ್ಣಿಗೆ ಕೈಬರಹವೇ ಹೆಸರು. ವ್ಯತ್ಯಾಸ ಕಾಣದಿದ್ದುದಕ್ಕೆ ಕಾರಣ ಪಕ್ಷಪಾತ ಇಲ್ಲದಿರುವುದಲ್ಲ, ಹೆಸರು ಮುಚ್ಚದಿರುವುದು. ನೀವೂ ಮಾಡುವುದಾದರೆ ಈ ಊಹೆಯ ಪರೀಕ್ಷೆ ಮೊದಲು ಮಾಡಿ. ಅರ್ಧಕ್ಕಿಂತ ಜಾಸ್ತಿ ಸರಿ ಬಂದರೆ ಮುಂದಿನ ಲೆಕ್ಕಕ್ಕೆ ಅರ್ಥವಿಲ್ಲ.

ಮುಂದಿನ ಸಲ ಹೆಸರಿಲ್ಲದ ಕಟ್ಟು ಬದಿಯಡ್ಕ ಕಡೆಯ ಇನ್ನೊಂದು ಶಾಲೆಗೆ ಹೋಯಿತು, ಅಲ್ಲಿಯದು ನಮಗೆ ಬಂತು. ಬಸ್ಸಿನ ಖರ್ಚು, ಚಹಾ, ಗೋಳಿಬಜೆ ಸೇರಿ ನೂರೈವತ್ತರ ಒಳಗೆ ಮುಗಿಯಿತು. ಆ ಶಾಲೆಯ ಮಾಷ್ಟ್ರು ನನಗಿಂತ ಬಿಗಿ. ಇಡೀ ಕ್ಲಾಸಿಗೆ ಸರಾಸರಿ ಎರಡು ಸ್ಕೋರ್ ಕಡಿಮೆ ಕೊಟ್ಟಿದ್ದರು, ಎಂಬತ್ತರಲ್ಲಿ. ಅದನ್ನು ಎಲ್ಲರಿಗೂ ಸಮನಾಗಿ ಕೂಡಿಸಿ, ಆಮೇಲೆ ಲಕೋಟೆ ತೆರೆದೆ. ಒಳ್ಳೆಯ ಹೆಸರಿದ್ದ ಆರೇಳು ಮಕ್ಕಳಿಗೆ ನಾನು ಹೆಸರು ನೋಡಿ ಕೊಟ್ಟದ್ದು ಅವರು ಕೊಟ್ಟದ್ದಕ್ಕಿಂತ ಸುಮಾರು ಮೂರು ಸ್ಕೋರ್ ಜಾಸ್ತಿ. ಸುಮ್ಮನೆ ಕೂರುವ ಮಕ್ಕಳಿಗೆ ಒಂದೂವರೆ, ಎರಡು ಕಡಿಮೆ. ಉಳಿದವರದ್ದು ಹೆಚ್ಚುಕಡಿಮೆ ಸಮ. ಇಬ್ಬರು ಮಕ್ಕಳ ಗ್ರೇಡೇ ಬದಲಾಯಿತು. ದ್ವೇಷದ ಮಾತು ಇಲ್ಲಿ ಬರುವುದೇ ಇಲ್ಲ, ನಾನು ಪ್ರೀತಿಯಿಂದಲೇ ತಿದ್ದಿದ್ದೆ.

ಒಂದು ಒಳ್ಳೆಯ ಗುಣ ಕಂಡರೆ ಉಳಿದದ್ದೂ ಒಳ್ಳೆಯದೇ ಎನ್ನಿಸುವ ಹ್ಯಾಲೋ ಎಫೆಕ್ಟ್ ಎಂದರೆ ಇದೇ ಅಲ್ವಾ. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಅದನ್ನು ತೋರಿಸಿದ್ದು ಸೈನ್ಯದ ಅಧಿಕಾರಿಗಳು ಕೊಟ್ಟ ಅಂಕಗಳಲ್ಲಿ. ಮೈಕಟ್ಟು ಚೆನ್ನಾಗಿದ್ದವನಿಗೆ ಬುದ್ಧಿಗೂ ನಡತೆಗೂ ಜಾಸ್ತಿ ಬೀಳುತ್ತಿತ್ತು. ನಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು ಆಸ್ಟ್ರೇಲಿಯಾದ ಮಾಲೂಫ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಪ್ರಯೋಗ. ಒಬ್ಬ ವಿದ್ಯಾರ್ಥಿ ಚೆನ್ನಾಗಿ ಮಾತಾಡಿದ್ದನ್ನು ನೋಡಿದವರು ಅವನ ಬರಹಕ್ಕೂ ಜಾಸ್ತಿ ಮಾರ್ಕ್ ಕೊಟ್ಟರು, ಕೆಟ್ಟದಾಗಿ ಮಾತಾಡಿದ್ದನ್ನು ನೋಡಿದವರು ಅದೇ ಬರಹಕ್ಕೆ ಕಡಿಮೆ ಕೊಟ್ಟರು. ಕೈಯೆತ್ತುವ ಮಕ್ಕಳ ಕಥೆ ಇದೇ.

ಇಲ್ಲಿಗೆ ಮುಗಿಯಿತು ಎಂದುಕೊಂಡವರು ಬಹಳ. ಆದರೆ ಹೊರಗಿನ ಮಾಷ್ಟ್ರು ತಿದ್ದಿದ ಪೇಪರುಗಳಲ್ಲೇ ನನಗೆ ಇನ್ನೊಂದು ಕಂಡಿತು. ಮೊದಲ ದೊಡ್ಡ ಉತ್ತರ ಚೆನ್ನಾಗಿದ್ದರೆ ನಂತರದ ಅರೆಬರೆ ಉತ್ತರಗಳಿಗೂ ಕೈ ಸಡಿಲ. ಹೆಸರು ಗೊತ್ತಿಲ್ಲ, ಮಗುವನ್ನು ನೋಡಿಲ್ಲ, ಆದರೂ ಹ್ಯಾಲೋ ಪೇಪರಿನ ಒಳಗೇ ಹುಟ್ಟುತ್ತದೆ.

ನೋಡೋಣ ಎಂದು ಒಂದು ಪ್ರಯೋಗ ಮಾಡಿದೆ. ನನ್ನ ತಂಗಿಯ ಮಗಳಿಂದ ಎರಡು ಪೇಪರ್ ಬರೆಸಿದೆ. ಎರಡನೇ ಉತ್ತರ ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ. ಫ್ರೆಂಚ್ ಕ್ರಾಂತಿಗೆ ಕಾರಣಗಳು, ನಾಲ್ಕು ಸ್ಕೋರ್. ಯಾವುದಕ್ಕೆ ಎಷ್ಟು ಕೊಡಬೇಕು ಎಂದು ಹೇಳುವ ಉತ್ತರದ ಕೀಯಲ್ಲಿ ನಾಲ್ಕು ಅಂಶ: ತೆರಿಗೆ ಕಟ್ಟದ ಮೇಲಿನ ಎರಡು ವರ್ಗಗಳು, ಚಿಂತಕರ ಪ್ರಭಾವ, ರಾಜನ ದುಂದುವೆಚ್ಚ ಮತ್ತು ಯುದ್ಧದ ಸಾಲ, ಬೆಳೆ ಹಾಳಾಗಿ ರೊಟ್ಟಿಯ ಬೆಲೆ ಏರಿದ್ದು. ಅವಳ ಉತ್ತರದಲ್ಲಿ ಮೊದಲ ಎರಡು ಸ್ಪಷ್ಟ. ಮೂರನೆಯದು "ರಾಜನ ಖರ್ಚು ಜಾಸ್ತಿ ಆಯಿತು" ಎಂದು ಅಷ್ಟೇ, ಸಾಲದ ಮಾತಿಲ್ಲ. ನಾಲ್ಕನೆಯದು ಇಲ್ಲವೇ ಇಲ್ಲ. ಇದರ ಹಿಂದೆ ಭೂಕಂದಾಯದ ಪ್ರಶ್ನೆ. ಒಂದು ಪೇಪರಿನಲ್ಲಿ ಅದಕ್ಕೆ 1793ರ ಖಾಯಂ ಜಮೀನ್ದಾರಿ ಪದ್ಧತಿಯಿಂದ ಹಿಡಿದು ರೈತವಾರಿವರೆಗೆ ಅಚ್ಚುಕಟ್ಟಾದ ಉತ್ತರ. ಇನ್ನೊಂದರಲ್ಲಿ ಎರಡೇ ಸಾಲು, ಅದೂ ತಪ್ಪು.

ಹತ್ತು ಹನ್ನೆರಡು ಮಂದಿ ಟೀಚರುಗಳಿಗೆ ಅರ್ಧರ್ಧ ಹಂಚಿದೆ. ಒಳ್ಳೆಯ ಉತ್ತರದ ನಂತರ ನೋಡಿದವರು ಕ್ರಾಂತಿಯ ಉತ್ತರಕ್ಕೆ ಹೆಚ್ಚಾಗಿ ಮೂರು ಕೊಟ್ಟರು, ಒಬ್ಬರು ಮೂರೂವರೆ. ಕೆಟ್ಟದ್ದರ ನಂತರ ನೋಡಿದವರು ಹೆಚ್ಚಾಗಿ ಎರಡು. ಯಾಕೆ ಎಂದು ಕೇಳಿದೆ. ಮೂರು ಕೊಟ್ಟವರೊಬ್ಬರು "ಮಗುವಿಗೆ ವಿಷಯ ಗೊತ್ತುಂಟು, ಬರೆಯಲು ಹೊರಟದ್ದು ಅದೇ" ಎಂದರು. ಎರಡು ಕೊಟ್ಟವರು "ಬರೆಯದ್ದಕ್ಕೆ ಹೇಗೆ ಕೊಡುವುದು?" ಎಂದರು. ಇಬ್ಬರೂ ಹೇಳಿದ್ದು ಅದೇ ಅರೆಬರೆ ವಾಕ್ಯದ ಬಗ್ಗೆ. ಹ್ಯಾಲೋ ಹೆಚ್ಚಾಗಿ ಕೆಲಸ ಮಾಡುವ ಜಾಗ ಅದು: ಕೀ ಏನೂ ಹೇಳದೆ ಬಿಟ್ಟ ಜಾಗ. ಒಂದು ಸ್ಕೋರಿನ ಪ್ರಶ್ನೆಗಳಲ್ಲಿ ನನಗೆ ಅದು ಕಾಣಲೇ ಇಲ್ಲ.

ಪರಿಹಾರ ಎರಡು. ಒಂದು, ತಿದ್ದುವ ಮೊದಲು ಐದಾರು ಪೇಪರ್ ಸುಮ್ನೆ ಓದಿ, ಅರೆಬರೆಯಾಗಿ ಬರುವ ಉತ್ತರಗಳನ್ನು ಕೀಯಲ್ಲೇ ಬರೆದುಕೊಳ್ಳುವುದು. 'ಖರ್ಚು ಮಾತ್ರ ಹೇಳಿದರೆ ಅರ್ಧ' ಎಂದು. ಎರಡು, ಒಬ್ಬರ ಪೇಪರನ್ನು ಪೂರ್ತಿ ತಿದ್ದದೆ, ಎಲ್ಲರದ್ದೂ ಒಂದೇ ಪ್ರಶ್ನೆ ತಿದ್ದಿ, ಕಟ್ಟನ್ನು ಕಲಸಿ, ಆಮೇಲೆ ಮುಂದಿನ ಪ್ರಶ್ನೆಗೆ ಹೋಗುವುದು. ಸ್ಕೋರನ್ನು ಪೇಪರಿನ ಮೇಲೆ ಬರೆಯಬಾರದು. ಕೋಡ್ ಇರುವ ಬೇರೆ ಹಾಳೆಯಲ್ಲಿ ಬರೆಯಬೇಕು, ಇಲ್ಲದಿದ್ದರೆ ಹಿಂದಿನ ಪ್ರಶ್ನೆಯ ನಾಲ್ಕು ಕಣ್ಣಿಗೆ ಬಿದ್ದೇ ಬೀಳುತ್ತದೆ. ಇದಕ್ಕೆ ಮಕ್ಕಳು ಪ್ರತಿ ದೊಡ್ಡ ಉತ್ತರವನ್ನು ಹೊಸ ಪುಟದಲ್ಲಿ ಶುರು ಮಾಡಬೇಕು. ಅಡಿಷನಲ್ ಶೀಟ್ ಖರ್ಚು ಏರಿತು, ಆಫೀಸಿನಿಂದ ಮಾತು ಕೇಳಿದ್ದೂ ಆಯಿತು. ಸಮಯ ಮೊದಲ ಕಟ್ಟಿಗೆ ಒಂದು ಗಂಟೆಯಷ್ಟು ಜಾಸ್ತಿ ಹೋಯಿತು. ಆಮೇಲೆ ಒಂದೇ ಉತ್ತರ ತಲೆಯಲ್ಲಿ ಇರುವುದರಿಂದ ಕೈ ಓಡುತ್ತದೆ, ಈಗ ಹಳೆಯ ಕ್ರಮಕ್ಕಿಂತ ಬೇಗ ಮುಗಿಯುತ್ತದೆ.

ಕಟ್ಟಿನ ಮೊದಲ ಪೇಪರುಗಳ ಬಗ್ಗೆಯೂ ಹೇಳಬೇಕು. ರೇಮಾ ಹನ್ನಾ ಮತ್ತು ಲೀ ಲಿಂಡನ್ ನಮ್ಮ ದೇಶದಲ್ಲೇ ಮಾಡಿದ, 2012ರಲ್ಲಿ ಪ್ರಕಟವಾದ ಅಧ್ಯಯನವಿದೆ. ಉತ್ತರ ಪತ್ರಿಕೆಯ ಮುಖಪುಟದಲ್ಲಿ ಜಾತಿಯನ್ನು ಚೀಟಿ ಎತ್ತಿದ ಹಾಗೆ ಬರೆದು ಟೀಚರುಗಳಿಗೆ ಕೊಟ್ಟರು. ಕೆಳಜಾತಿ ಎಂದು ಬರೆದ ಪೇಪರಿಗೆ ಸ್ವಲ್ಪ ಕಡಿಮೆ ಬಿತ್ತು. ಆ ವ್ಯತ್ಯಾಸ ಜಾಸ್ತಿ ಕಂಡದ್ದು ಶುರುವಿನಲ್ಲಿ ತಿದ್ದಿದ ಪೇಪರುಗಳಲ್ಲಿ. ಕ್ಲಾಸಿನ ಮಟ್ಟ ಇನ್ನೂ ತಿಳಿಯದಿದ್ದಾಗ ಕಣ್ಣು ಬೇರೆ ಆಧಾರ ಹುಡುಕುತ್ತದೆ. ಅದಕ್ಕೆ ಈಗ ಪ್ರತಿ ಪ್ರಶ್ನೆಯ ಮೊದಲ ಐದು ಪೇಪರುಗಳನ್ನು ಕೊನೆಗೆ ಇನ್ನೊಮ್ಮೆ ನೋಡುತ್ತೇವೆ, ಹಳೆಯ ಸ್ಕೋರ್ ನೋಡದೆ. ಅರ್ಧ ಒಂದು ಬದಲಾಗದ ಕಟ್ಟು ಅಪರೂಪ.

ಕೈಬರಹ ಮಾತ್ರ ಇನ್ನೂ ಸೋತಿಲ್ಲ. ಹತ್ತರಷ್ಟು ಪೇಪರುಗಳನ್ನು ಟೈಪ್ ಮಾಡಿಸಿ ತಿದ್ದಿಸಿದೆ. ಚಂದದ ಅಕ್ಷರದ ಲಾಭ ಹೋಯಿತು, ಆದರೆ 'ಭೂಮಿ' ಎಂಬಲ್ಲಿ 'ಬೂಮಿ' ಎಂದು ಬರೆದದ್ದು ಟೈಪಿನಲ್ಲಿ ಎದ್ದು ಕಂಡಿತು. ನಮ್ಮಲ್ಲಿ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಹವ್ಯಕ, ಬ್ಯಾರಿ ಮಾತಾಡುವ ಮಕ್ಕಳೆಲ್ಲ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಬರೆಯುತ್ತಾರೆ. ವಾಕ್ಯದ ಓಟದಲ್ಲೇ ಮನೆ ಗೊತ್ತಾಗುತ್ತದೆ, ಅದಕ್ಕೆ ಯಾವ ಪಟ್ಟಿಯನ್ನೂ ಅಂಟಿಸಲು ಆಗುವುದಿಲ್ಲ. ಸಮಾಜ ವಿಜ್ಞಾನದಲ್ಲಿ ಕಾಗುಣಿತಕ್ಕೆ ಸ್ಕೋರ್ ಕಳೆಯಬಾರದು ಎಂದು ಕೀಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇವೆ. ಟೈಪಿನ ಪ್ರಯೋಗ ಅಲ್ಲಿಗೇ ಬಿಟ್ಟೆ.

ಈಗ ಕೈ ಹಾಕಿರುವುದು ಸಿಇಗೆ, ಅಂದರೆ ವರ್ಷವಿಡೀ ನಡೆಯುವ ನಿರಂತರ ಮೌಲ್ಯಮಾಪನಕ್ಕೆ. ನೂರರಲ್ಲಿ ಇಪ್ಪತ್ತು ಸ್ಕೋರ್ ನಾವೇ ಮಗುವನ್ನು ಎದುರಿಗೆ ಕಂಡು ಕೊಡುವುದು, ಅಲ್ಲಿ ಹೆಸರು ಮುಚ್ಚುವ ಮಾತೇ ಇಲ್ಲ. ಈ ವರ್ಷ ಪರೀಕ್ಷೆಯ ಫಲಿತಾಂಶ ನೋಡುವ ಮೊದಲೇ ಸಿಇ ಬರೆದು ಆಫೀಸಿಗೆ ಕೊಡುತ್ತಿದ್ದೇವೆ. ಪ್ರಾಜೆಕ್ಟಿಗೆ ಬೇರೆ ದಿನ, ಸೆಮಿನಾರಿಗೆ ಬೇರೆ ದಿನ, ಬೇರೆ ಬೇರೆ ಹಾಳೆಯಲ್ಲಿ. ಮಾಡೆಲ್ ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಲಕೋಟೆಯ ಪಟ್ಟಿಯ ಜೊತೆ ಇಟ್ಟು ನೋಡಬೇಕು.