ಗೇಟಿನ ನಾಯಿಗೆ ಸಿಗುತ್ತಿದ್ದ ಕೂಲಿ ನಿಲ್ಲಿಸಿದ್ದು ಹೀಗೆ

ಪಾರ್ಸೆಲ್ ಹುಡುಗ ಬರುತ್ತಾನೆ, ನಾಯಿ ಬೊಗಳುತ್ತದೆ, ಹುಡುಗ ಹೋಗುತ್ತಾನೆ. ಅವನು ಹೋದದ್ದು ಕೆಲಸ ಮುಗಿಯಿತು ಅಂತ. ನಾಯಿಯ ಲೆಕ್ಕದಲ್ಲಿ ಮಾತ್ರ, ತಾನು ಬೊಗಳಿದ್ದಕ್ಕೇ ಹೋದ. ಹಾಲಿನವನು, ನೀರಿನ ಕ್ಯಾನ್‌ನವನು, ಸಿಲಿಂಡರಿನವನು, ಪಾರ್ಸೆಲ್‌ನವನು, ದಿನಕ್ಕೆ ನಾಲ್ಕು ಸಲ ಇದೇ ನಡೆದರೆ ನಾಲ್ಕು ಸಲ ಕೂಲಿ ಬಟವಾಡೆ ಆದಂಗೆ. ವರ್ಷ ಕಳೆಯುವಷ್ಟರಲ್ಲಿ ಆ ನಾಯಿ ಅದರಲ್ಲಿ ಪಳಗಿರುತ್ತದೆ. ಮನೆಯವರ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಎಷ್ಟು ಬೊಗಳಿದರೂ ಅವರು ಒಳಗೇ ಬರುತ್ತಾರೆ, ಬಂದವರು ಊಟವನ್ನೂ ಹಾಕುತ್ತಾರೆ.

ಈ ಕೂಲಿ ನಿಲ್ಲಿಸಿ, ಗೇಟಿಗೆ ಯಾರಾದರೂ ಬಂದಾಗ ತಿನಿಸು ಹಾಕಿ ಬೊಗಳು ಬಿಡಿಸಬಹುದು ಅಂತ ನಾಯಿ ಪಳಗಿಸುವ ಗೆಳೆಯರಿಗೆ ಹೇಳಿದಾಗ ಬಂದ ಉತ್ತರ ಒಂದೇ: 'ಅಣ್ಣ, ಅಪರಿಚಿತರಿಗೆ ತಿನಿಸು ಕೊಟ್ಟು ರೂಢಿ ಮಾಡಿದ್ರ ನಾಳೆ ಕಳ್ಳನಿಗೂ ಬಾಲ ಅಲ್ಲಾಡಿಸ್ತೈತಿ.' ಅದಕ್ಕೆ ಉತ್ತರ ಕೆಳಗಿದೆ. ಮೊದಲು ಕೆಲಸ.

ಬಳ್ಳಾರಿಯ ಪಾರ್ವತಿ ನಗರದ ಒಂದು ಮನೆ. ನಾಯಿ ಕರಿಯ, ಜರ್ಮನ್ ಶೆಫರ್ಡ್ ಮತ್ತು ನಾಡು ನಾಯಿಯ ಬೆರಕೆ, ನಾಲ್ಕು ವರ್ಷದ ಗಂಡು. ಮನೆಯ ಬಾಗಿಲಿನಿಂದ ಗೇಟಿಗೆ ಸುಮಾರು ಮೂವತ್ತು ಅಡಿ. ಗೇಟು ಕಬ್ಬಿಣದ ಸರಳಿನದು, ಬೀದಿ ಪೂರ್ತಿ ಕಾಣುತ್ತದೆ. ಒಬ್ಬ ಹುಡುಗನ ಪ್ಯಾಂಟು ಹರಿದಿತ್ತು, ಇನ್ನೊಬ್ಬ ಪಾರ್ಸೆಲ್ ಅನ್ನು ಕಾಂಪೌಂಡಿನ ಮೇಲಿಂದ ಎಸೆದು ಹೋಗಿದ್ದ. ನಾಯಿಗೆ ರೇಬಿಸ್ ಲಸಿಕೆ ಆಗಿತ್ತು, ಅದೊಂದು ನೆಮ್ಮದಿ.

ಮನೆಯವರು ಆಗಲೇ ದುಡ್ಡು ಸುರಿದಿದ್ದರು. ಮೊದಲು ಸರಪಳಿ. ಕಟ್ಟಿದ ನಾಯಿಗೆ ಕಾಣುತ್ತದೆ, ತಲುಪಲಾಗುವುದಿಲ್ಲ, ಹಾಗಾಗಿ ರೋಷ ಇನ್ನೂ ಏರುತ್ತದೆ. ಆಮೇಲೆ ಬೈಗುಳ ಮತ್ತು ಕೋಲು. ಯಜಮಾನರು ಕೂಗುತ್ತಾ ಓಡಿ ಬಂದರೆ ನಾಯಿಗೆ ಸಿಗುವ ಸುದ್ದಿ 'ಇವರೂ ನನ್ನ ಜೊತೆ ಬೊಗಳುತ್ತಿದ್ದಾರೆ' ಅಂತ. ಕೊನೆಗೆ ಎರಡೂವರೆ ಸಾವಿರ ಕೊಟ್ಟು ತಂದ ಕರೆಂಟಿನ ಪಟ್ಟಿ. ಇದು ಎಲ್ಲಕ್ಕಿಂತ ಕೆಟ್ಟದ್ದು. ಪಾರ್ಸೆಲ್‌ನವನನ್ನು ನೋಡಿದ ಗಳಿಗೆಗೇ ಕುತ್ತಿಗೆಗೆ ಏಟು ಬಿದ್ದರೆ ನಾಯಿ ಆ ನೋವನ್ನು ಅವನ ತಲೆಗೇ ಕಟ್ಟುತ್ತದೆ. ಬೊಗಳುವುದು ಕಡಿಮೆಯಾದಂತೆ ಕಾಣುತ್ತದೆ, ಆದರೆ ಗುರುಗುಟ್ಟುವ ಮುನ್ಸೂಚನೆಯೂ ಹೋಗಿ ಒಮ್ಮೆಲೇ ಬಾಯಿ ಹಾಕುವ ನಾಯಿ ತಯಾರಾಗುತ್ತದೆ. ಹರಿದ ಪ್ಯಾಂಟು ಪಟ್ಟಿ ಹಾಕಿದ ಮೇಲಿನದು.

ಮನೆಯವರನ್ನು ಕರಿಯ ಯಾವುದರಿಂದ ಗುರುತಿಸುತ್ತಾನೆ ಅಂತ ನೋಡಲು ಒಂದು ಅಡ್ಡ ಪ್ರಯೋಗ ಮಾಡಿದೆ. ಮನೆಯ ಮಗನನ್ನೇ ಬೇರೆಯವರ ಬೈಕಿನಲ್ಲಿ ಹೆಲ್ಮೆಟ್ ಹಾಕಿಸಿ, ಬೆನ್ನಿಗೆ ದೊಡ್ಡ ಚೀಲ ಕಟ್ಟಿಸಿ ಕಳಿಸಿದೆ. ಗಾಳಿ ಮನೆಯಿಂದ ಬೀದಿಯ ಕಡೆಗೆ ಬೀಸುತ್ತಿತ್ತು. ಕರಿಯ ಸ್ವಂತ ಯಜಮಾನನ ಮೇಲೆಯೇ ಹಲ್ಲು ಕಿರಿದು ಹಾರಿದ. ಹುಡುಗ 'ಲೇ ಕರಿಯಾ' ಅಂದ ಕೂಡಲೇ ಬೊಗಳು ಅರ್ಧಕ್ಕೇ ತುಂಡಾಗಿ ಕಿವಿ ಹಿಂದಕ್ಕೆ ಹೋದವು. ಗಾಳಿ ತಿರುಗಿದ ದಿನ ಅದೇ ವೇಷದಲ್ಲಿ ಬಂದಾಗ ಒಂದೆರಡು ಬೊಗಳಿಗೇ ನಿಂತ. ತನ್ನದೇ ಬೈಕಿನಲ್ಲಿ ಬಂದರೆ ತಿರುವಿನಲ್ಲಿ ಸದ್ದು ಕೇಳಿದಾಗಲೇ ಬಾಲ ಶುರು. ಅಂದರೆ ಬೈಕಿನ ಸದ್ದು, ದನಿ, ವಾಸನೆ, ಈ ಮೂರರಲ್ಲಿ ಒಂದಾದರೂ ತಲುಪಬೇಕು. ದೂರದಿಂದ ಮುಖ ಗುರುತಿಸುವಷ್ಟು ಕಣ್ಣು ಅದಕ್ಕಿಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ತಂಡ ಎಚ್ಚರವಿದ್ದ 12 ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಬೇರೆ ಬೇರೆ ವಾಸನೆ ಹಿಡಿದಾಗ, ಮಿದುಳಿನಲ್ಲಿ ಒಳ್ಳೆಯದನ್ನು ನಿರೀಕ್ಷಿಸುವ ಭಾಗ ಹೆಚ್ಚು ಎದ್ದದ್ದು ಪರಿಚಿತ ಮನುಷ್ಯನ ವಾಸನೆಗೆ. ಇನ್ನು ಪಾರ್ಸೆಲ್‌ನವನ ಸ್ಥಿತಿ ನೋಡಿ. ಮುಖಕ್ಕೆ ಹೆಲ್ಮೆಟ್, ಬೆನ್ನಿಗೆ ಗೂನಿನಂಥ ಚೀಲ, ಮೈಯಲ್ಲಿ ಹತ್ತು ಮನೆಯ ನಾಯಿಗಳ ವಾಸನೆ, ನಡಿಗೆ ನೆಟ್ಟಗೆ ಗೇಟಿನ ಕಡೆಗೆ, ಎರಡೇ ನಿಮಿಷದಲ್ಲಿ ಮಾಯ. ಪರಿಚಯ ಆಗುವುದಕ್ಕೆ ಸಮಯವೇ ಇಲ್ಲ.

ಹಾಗಾಗಿ ಕೆಲಸ ಎರಡು. ಬೊಗಳಿದ್ದಕ್ಕೆ ಸಿಗುವ ಕೂಲಿ ನಿಲ್ಲಬೇಕು, ಗಂಟೆಯ ಸದ್ದಿಗೆ ಬೇರೆ ಅರ್ಥ ಬರಬೇಕು.

ಮೊದಲನೆಯದಕ್ಕೆ ಗೇಟಿನ ಒಳಗಿನಿಂದ ನಾಲ್ಕೂವರೆ ಅಡಿ ಎತ್ತರಕ್ಕೆ ಹಸಿರು ಶೇಡ್‌ನೆಟ್ ಎರಡು ಪದರ ಕಟ್ಟಿದೆವು. ಬೈಂಡಿಂಗ್ ವೈರ್ ಸೇರಿ ಆರುನೂರರ ಆಜುಬಾಜು. ತಗಡು ಹೊಡೆದರೆ ಇನ್ನೂ ಗಟ್ಟಿ, ಆದರೆ ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಅದು ಕಾದ ಹಂಚು, ಮೂತಿ ತಾಗಿದರೆ ಸುಡುತ್ತದೆ. ಗೇಟಿನ ಹೊರಗೆ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ ಇಟ್ಟು 'ಪಾರ್ಸೆಲ್ ಇದರಲ್ಲಿ ಹಾಕಿ, ಗಂಟೆ ಒತ್ತಬೇಡಿ, ಫೋನ್ ಮಾಡಿ' ಅಂತ ಬರೆಸಿದೆವು. ತರಬೇತಿ ಮುಗಿಯುವವರೆಗೆ ನಿಜವಾದ ಪಾರ್ಸೆಲ್ ಬರುವ ಹೊತ್ತಿಗೆ ಕರಿಯ ಹಿಂದಿನ ಕೋಣೆಯಲ್ಲಿ. ಬಹಳ ಜನ ಈ ಭಾಗವನ್ನು ಹಗುರ ಮಾಡಿ ಬಿಡುತ್ತಾರೆ. ಬೆಳಿಗ್ಗೆ ಹತ್ತು ನಿಮಿಷ ಪಾಠ ಮಾಡಿ ಮಧ್ಯಾಹ್ನ ನಾಲ್ಕು ಸಲ ಕೂಲಿ ಸಿಗಲು ಬಿಟ್ಟರೆ ಪಾಠ ತಲೆಯಲ್ಲಿ ನಿಲ್ಲುವುದಿಲ್ಲ.

ಎರಡನೆಯದಕ್ಕೆ ಕೋಳಿಯ ಕಾರ್ಜ. ಬೇಯಿಸಿ, ಆರಿಸಿ, ಶೇಂಗಾ ಬೀಜದಷ್ಟು ತುಂಡು. ಅರ್ಧ ಕಿಲೋ ನಾಲ್ಕೈದು ದಿನಕ್ಕೆ ಆಗುತ್ತದೆ, ಫ್ರಿಜ್ಜಿನಲ್ಲಿಡಿ. ಇದಕ್ಕಿಂತ ಹೆಚ್ಚು ಕೊಟ್ಟರೆ ಭೇದಿ ಹಿಡಿಯುತ್ತದೆ. ಬೇಯುವಾಗ ನಾನು ಹಾಕುವ ಒಂದು ಸಾಮಾನು ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಅಂತೂ ಅಲ್ಲ, ಅವು ನಾಯಿಗೆ ವಿಷ.

ಮೊದಲ ವಾರ ಮನುಷ್ಯನೇ ಇಲ್ಲ. ಮನೆಯ ಗಂಟೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಬಹಳ ಸಣ್ಣ ದನಿಯಲ್ಲಿ ಒಳಗೆ ಬಾರಿಸುವುದು. ಗಂಟೆ ಆಗಿ ಒಂದು ಸೆಕೆಂಡಿನೊಳಗೆ ಬಾಗಿಲ ಬಳಿಯ ಗೋಣಿಚೀಲದ ಮೇಲೆ ಕಾರ್ಜದ ತುಂಡು ಬೀಳಬೇಕು. ಕ್ರಮ ತಪ್ಪಬಾರದು. ಕೈ ಜೇಬಿಗೆ ಹೋದ ಮೇಲೆ ಗಂಟೆ ಬಾರಿಸಿದರೆ ನಾಯಿ ನಿಮ್ಮ ಕೈಯನ್ನು ಕಲಿಯುತ್ತದೆ, ಗಂಟೆಯನ್ನಲ್ಲ. ಒಂದು ಹೊತ್ತಿಗೆ ಐದು ನಿಮಿಷ, ಅಷ್ಟರಲ್ಲಿ ಗಂಟೆ ಹತ್ತು ಸಲ ಬಾರಿಸುವುದು, ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಏಳರೊಳಗೆ ಮತ್ತು ಸಂಜೆ ಆರರ ಮೇಲೆ. ಬಿಸಿಲಿನಲ್ಲಿ ತೇಕುವ ನಾಯಿ ತಿನಿಸಿಗೆ ಮೂಸುವುದೂ ಇಲ್ಲ. ಗಂಟೆ ಕೇಳಿ ಗೇಟಿನ ಬದಲು ಗೋಣಿಚೀಲದ ಕಡೆ ತಿರುಗಿದರೆ ಆಗ ದನಿ ಏರಿಸಿ, ಕೊನೆಗೆ ನಿಜವಾದ ಗಂಟೆ.

ಆಮೇಲೆ ಮನುಷ್ಯ. ನಿಜವಾದ ಪಾರ್ಸೆಲ್ ಹುಡುಗರಿಗೆ ನಿಲ್ಲಲು ಪುರುಸೊತ್ತಿಲ್ಲ. ಅದಕ್ಕೆ ಓಣಿಯ ಕಾಲೇಜು ಹುಡುಗರನ್ನು ಹಿಡಿದೆ, ಒಂದು ಹೊತ್ತಿಗೆ ಐವತ್ತು ರೂಪಾಯಿ, ಮೇಲೆ ಮಿರ್ಚಿ ಮಂಡಕ್ಕಿ. ಹೆಲ್ಮೆಟ್ಟು, ಚೀಲ ಕಡ್ಡಾಯ. ಪಾಠದ ಹೊತ್ತಿಗೆ ಗೇಟು ಅಗಲವಾಗಿ ತೆರೆದಿರುತ್ತದೆ, ನಾಯಿ ಬಾಗಿಲ ಬಳಿ ಹದಿನೈದಡಿ ಹಗ್ಗದಲ್ಲಿ, ಹಗ್ಗ ಎದೆಪಟ್ಟಿಗೆ, ಕುತ್ತಿಗೆಗಲ್ಲ. ಹುಡುಗ ಮೊದಲು ಬೀದಿಯ ಆಚೆ ಬದಿ ನಿಲ್ಲಬೇಕು. ನಾಯಿ ಅವನನ್ನು ನೋಡುತ್ತದೆ, ಬೊಗಳುವುದಿಲ್ಲ: ಬೇಕಾದ ದೂರ ಅದು. ಕರಿಯನಿಗೆ ಅದು ಅರವತ್ತು ಅಡಿ ಇತ್ತು. ಹುಡುಗ ಕಂಡಷ್ಟು ಹೊತ್ತು ಕಾರ್ಜ ಬೀಳುತ್ತಿರುತ್ತದೆ, ಮರೆಯಾದ ಕೂಡಲೇ ಬಂದ್. ನಾಯಿ ಸುಮ್ಮನಿದ್ದಂತೆಲ್ಲ ಹುಡುಗ ಸ್ವಲ್ಪ ಸ್ವಲ್ಪವೇ ಹತ್ತಿರ ಬರಬೇಕು.

ಬೊಗಳುವ ಮೊದಲಿನ ಗುರುತು ಹಿಡಿಯಲು ಬಾರದಿದ್ದರೆ ಈ ಕೆಲಸ ಆಗದು. ತೆರೆದ ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ನಿಲ್ಲುತ್ತವೆ, ಭಾರ ಮುಂಗಾಲಿಗೆ ಬರುತ್ತದೆ, ಬಾಲ ಕೋಲಿನಂತೆ ಸೆಟೆಯುತ್ತದೆ. ಅಲ್ಲಿಂದ ಬೊಗಳಿಗೆ ಒಂದೆರಡು ಸೆಕೆಂಡು. ಬಾಯಿ ಮುಚ್ಚಿದಾಗಲೇ ಹೆಸರು ಹಿಡಿದು ಕರೆದು ಗೋಣಿಚೀಲದ ಕಡೆ ತಿರುಗಿಸಬೇಕು. ತಿನಿಸನ್ನು ಕೈಯಿಂದ ಗಟ್ಟಿಯಾಗಿ ಕಸಿದುಕೊಳ್ಳಲು ಶುರು ಮಾಡಿದರೆ ಹುಡುಗ ಹತ್ತಿರ ಬಂದದ್ದು ಹೆಚ್ಚಾಯಿತು ಅಂತ ಅರ್ಥ, ಅವನು ಹತ್ತಡಿ ಹಿಂದಕ್ಕೆ.

ಬೊಗಳಿಬಿಟ್ಟರೆ? ಹುಡುಗ ಹೋಗಬಾರದು. ಹೋದರೆ ಕೂಲಿ ಸಿಕ್ಕಿತು. ಇದ್ದಲ್ಲೇ ಪಕ್ಕಕ್ಕೆ ತಿರುಗಿ, ಕಣ್ಣು ಕೂಡಿಸದೆ ನಿಲ್ಲಬೇಕು. ನಾಯಿ ಮೂರು ಸೆಕೆಂಡು ಸುಮ್ಮನಾದ ಮೇಲೆ ಹಿಂದೆ ಸರಿಯಬೇಕು. ಆಗ ಸುಮ್ಮನಿದ್ದದ್ದಕ್ಕೆ ಅವನು ಹೋದಂತಾಗುತ್ತದೆ. ನಾಯಿ ಅರ್ಧ ನಿಮಿಷ ದಾಟಿ ಬೊಗಳುತ್ತಿದ್ದರೆ ಹುಡುಗನನ್ನು ಬಿಟ್ಟು ನಾಯಿಯನ್ನೇ ಒಳಗೆ ತನ್ನಿ. ಎರಡನೇ ವಾರದ ಹೊತ್ತಿಗೆ ಬೊಗಳು ಒಮ್ಮೆ ಜೋರಾಗುತ್ತದೆ. ಇಷ್ಟು ದಿನ ಕೆಲಸ ಮಾಡಿದ್ದು ಈಗ ಮಾಡುತ್ತಿಲ್ಲ ಅಂತ ನಾಯಿ ಇನ್ನೂ ಬಲ ಹಾಕಿ ನೋಡುವುದು ಅದು. ಮನೆಯವರು 'ಏನ್ರಿ, ಮೊದಲಿಗಿಂತ ಹೆಚ್ಚಾತಲ್ರಿ' ಅಂತ ಕೈಬಿಡುವುದೂ ಅದೇ ದಿನಗಳಲ್ಲಿ.

ಬಂದವನ ಕೈಯಿಂದಲೇ ಬಿಸ್ಕತ್ತು ಕೊಡಿಸುವ ರೂಢಿ ನಮ್ಮಲ್ಲಿ ಬಹಳ. ಮಾಡಬೇಡಿ. ಹೆದರಿದ ನಾಯಿ ತಿನಿಸಿನ ಆಸೆಗೆ ಹತ್ತಿರ ಬರುತ್ತದೆ, ಬಿಸ್ಕತ್ತು ಮುಗಿದ ಮೇಲೆ ಅಪರಿಚಿತನ ಕೈ ಮೂತಿಯ ಮುಂದೆಯೇ ಇರುತ್ತದೆ. ಕಚ್ಚುವುದು ಆಗಲೇ. ಅವನು ಕೊಡಲೇಬೇಕೆಂದರೆ ನಾಯಿಯ ಹಿಂದಕ್ಕೆ ಬೀಳುವಂತೆ ಎಸೆಯಲಿ. ತಿನ್ನಲು ದೂರ ಹೋಗುತ್ತದೆ, ಬೇಕಿದ್ದರೆ ತಾನಾಗಿ ಬರುತ್ತದೆ. ಯಜಮಾನರ ಅಂಗಿ ತೊಡಿಸಿ ಹುಡುಗನನ್ನು ಕಳಿಸಿಯೂ ನೋಡಿದೆ. ಕರಿಯ ಒಮ್ಮೆ ಮೂಸಿ ಗಲಿಬಿಲಿಯಾಗಿ ಮತ್ತೆ ಬೊಗಳಿದ. ಆ ದಾರಿ ಬೇಡ.

ಒಂದೂವರೆ ತಿಂಗಳಿಗೆ ಗಂಟೆ ಆದರೆ ಒಂದೆರಡು ಬೊಗಳಿ ಗೋಣಿಚೀಲಕ್ಕೆ ಬಂದು ಕೂರುವ ಮಟ್ಟಕ್ಕೆ ಬಂತು. ಎಲ್ಲ ಸೇರಿ ಮೂರು ಸಾವಿರದ ಚಿಲ್ಲರೆ, ಅದರಲ್ಲಿ ಅರ್ಧ ಹುಡುಗರದ್ದು. ಕಳ್ಳನ ಪ್ರಶ್ನೆಗೆ ಉತ್ತರ ಒಂದು ರಾತ್ರಿ ಹನ್ನೊಂದರ ಮೇಲೆ ನೋಡಿದೆವು. ಗಂಟೆ ಒತ್ತದೆ ಒಬ್ಬ ಹುಡುಗ ಹಿಂದಿನ ಕಾಂಪೌಂಡಿನ ಹೊರಗೆ ಹೆಜ್ಜೆ ಸದ್ದು ಮಾಡಿದ. ಕರಿಯ ಓಣಿ ಎಬ್ಬಿಸಿದ. ಕಲಿಸಿದ್ದು ಹಗಲು, ಮುಂದಿನ ಗೇಟು, ಗಂಟೆ. ನಾಯಿ ಕಲಿತದ್ದೂ ಅಷ್ಟೇ. ಸಂಶಯಪಟ್ಟ ಗೆಳೆಯರಲ್ಲಿ ಇಬ್ಬರು ಈಗ ಇದನ್ನೇ ತಮ್ಮ ಗಿರಾಕಿಗಳಿಗೆ ಮಾಡಿಕೊಡುತ್ತಿದ್ದಾರೆ, ನನ್ನ ಹೆಸರು ಮಾತ್ರ ಹೇಳುವುದಿಲ್ಲ.

ಎಲ್ಲ ನಾಯಿಗೂ ಇದು ನಡೆಯುವುದಿಲ್ಲ. ಇದ್ದಕ್ಕಿದ್ದಂತೆ ಬೊಗಳು ಹೆಚ್ಚಾದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ; ಕಿವಿಯ ಸೋಂಕು, ಉಣ್ಣಿ ಜ್ವರ, ಕಣ್ಣಿನ ಪೊರೆ ಇದ್ದರೆ ಕಾರ್ಜ ಏನೂ ಮಾಡದು. ಹುಟ್ಟಿ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಹೊರಗಿನ ಜನರನ್ನೇ ಕಾಣದೆ ಬೆಳೆದ ನಾಯಿಗೆ ಮೂರು ಪಟ್ಟು ಸಮಯ ಹಿಡಿಯುತ್ತದೆ. ರಕ್ತ ಬರುವಂತೆ ಕಚ್ಚಿದ್ದರೆ ಬುಟ್ಟಿಯಂಥ ಬಾಯಿಪಟ್ಟಿ ರೂಢಿ ಮಾಡಿಸದೆ ಹುಡುಗರನ್ನು ಕರೆಯಬೇಡಿ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ ಆಗಬಹುದು. ಕರಿಯನಿಗೂ ಒಬ್ಬ ಬಾಕಿ ಇದ್ದಾನೆ, ಸಿಲಿಂಡರಿನವನು. ಖಾಲಿ ಸಿಲಿಂಡರು ನೆಲಕ್ಕೆ ಬಡಿಯುವ ಸದ್ದಿಗೆ ನಾಯಿ ಇನ್ನೂ ಹಾರುತ್ತದೆ. ಆ ಸದ್ದನ್ನೂ ಫೋನಿಗೆ ಹಿಡಿದಿದ್ದೇನೆ, ಈ ವಾರ ಸಣ್ಣ ದನಿಯಿಂದ ಶುರು.