ಶೀಟ್ ತುಂಬಾ 24.98

ಪೀಣ್ಯದ ಒಂದು ಟರ್ನಿಂಗ್ ಶಾಪಿಗೆ ನಾನು ಸೂಪರ್‌ವೈಸರ್ ಆಗಿ ಸೇರಿದ ಹೊಸತು. ಬುಶ್ ಎಂಬ ಉರುಟು ಲೋಹದ ಬಿಡಿಭಾಗಗಳ ಒಂದು ಲಾಟ್ ರಿಜೆಕ್ಟ್ ಆಗಿ ವಾಪಸ್ ಬಂತು. ಹೊರಗಿನ ಅಳತೆ 25.00 ಮಿ.ಮೀ. ದಾಟಬಾರದು, ದಾಟಿತ್ತು. ಪ್ರತಿ 20 ಪೀಸಿಗೆ ಒಂದನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಶೀಟಿನಲ್ಲಿ ಬರೆಯಬೇಕು ಅಂತ ನೋಟಿಸ್ ಅಂಟಿಸಿದೆ. ಕೆಳಗೆ ನನ್ನ ಸಹಿ ಬೇರೆ!

ಮರುದಿನದಿಂದ ಶೀಟ್‌ಗಳು ಭರ್ತಿ. ನಾನೂ ಖುಷಿಯಾದೆ. ಒಂದು ವಾರ ಕಳೆದ ಮೇಲೆ ನೈಟ್ ಶಿಫ್ಟಿನ ಶೀಟ್ ಸರಿಯಾಗಿ ನೋಡಿದೆ. ಮೇಲಿಂದ ಕೆಳಗಿನವರೆಗೆ 24.98, 24.98, 24.98. ಒಂದೇ ಪೆನ್ನು, ಒಂದೇ ಓಟದ ಬರಹ. ಲೋಹ ಕತ್ತರಿಸುವ ಇನ್ಸರ್ಟ್ ಸವೆಯುತ್ತಾ ಹೋದ ಹಾಗೆ ಅಳತೆ ನಿಧಾನಕ್ಕೆ ಜಾಸ್ತಿ ಆಗಲೇಬೇಕು. ರಾತ್ರಿಯೆಲ್ಲ ಒಂದೇ ಅಂಕಿ ಬಂದಿದೆ ಅಂದರೆ ಯಾರೂ ಅಳೆದಿಲ್ಲ ಅಂತಲೇ ಅರ್ಥ.

1959ರಲ್ಲಿ ಫ್ರೆಂಚ್ ಮತ್ತು ರೇವನ್ ಎಂಬ ಮನಶ್ಶಾಸ್ತ್ರಜ್ಞರು ಅಧಿಕಾರಕ್ಕೆ ಐದು ಮೂಲಗಳಿವೆ ಎಂದರು: ಹುದ್ದೆ, ಬಹುಮಾನ, ಶಿಕ್ಷೆ, ಪರಿಣತಿ, ಮತ್ತು ಆ ವ್ಯಕ್ತಿಯ ಮೇಲೆ ಜನರಿಗಿರುವ ಅಭಿಮಾನ. ನನ್ನ ಹತ್ತಿರ ಇದ್ದದ್ದು ಹುದ್ದೆ, ಜೊತೆಗೆ ಮೆಮೊ ಕೊಡುವ ಬೆದರಿಕೆ. ಬೆದರಿಕೆ ನಡೆಯುವುದು ನಾನು ಎದುರಿಗೆ ನಿಂತಿದ್ದಾಗ ಮಾತ್ರ. ರಾತ್ರಿ ನಾನು ಮನೆಯಲ್ಲಿ ಇರುತ್ತಿದ್ದೆ.

ಶಾಪಿನಲ್ಲಿ ಒಬ್ಬ ಹಳೆಯ ಸೆಟ್ಟರ್ ಇದ್ದರು. ಹುಡುಗರೆಲ್ಲ ಅವರನ್ನು 'ಗುರುಗಳೇ' ಅನ್ನುತ್ತಿದ್ದರು. ಯಾವ ಮೆಷಿನ್ ಕೈಕೊಟ್ಟರೂ ಮೊದಲು ಕರೆಯುತ್ತಿದ್ದದ್ದು ಅವರನ್ನೇ. "ಇದನ್ನು ನೀವೇ ಒಂದು ಸಲ ತೋರಿಸಿಕೊಡಿ" ಅಂದೆ. ಅವರು ಭಾಷಣ ಮಾಡಲಿಲ್ಲ. ರಾತ್ರಿ ಮೆಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. 20 ಪೀಸ್ ಆದಾಗ 24.97. ಇನ್ನೊಂದಿಷ್ಟು ಓಡಿದ ಮೇಲೆ 24.98, ಆಮೇಲೆ 24.99. "ಈಗ ಆಫ್‌ಸೆಟ್ಟಿನಲ್ಲಿ ಎರಡು ಪಾಯಿಂಟ್ ಕಮ್ಮಿ ಮಾಡು" ಅಂದರು. ಟೂಲ್ ಅಷ್ಟು ಒಳಗೆ ಸರಿಯಿತು, ಮುಂದಿನ ಪೀಸ್ ಮತ್ತೆ 24.97. ಹುಡುಗನ ಕಣ್ಣೆದುರೇ ಶೀಟಿನ ಅಂಕಿ ಕೆಲಸಕ್ಕೆ ಬಂತು. ಆ ವಾರದ ಶೀಟ್‌ಗಳಲ್ಲಿ ಅಂಕಿಗಳು ಏರಿಳಿಯುತ್ತಿದ್ದವು. ನಾನು ಇದ್ದರೂ, ಇಲ್ಲದಿದ್ದರೂ.

ಅಲ್ಲಿಗೆ ಸುಮ್ನೆ ಇರಬೇಕಿತ್ತು. ಒಂದು ಅರ್ಜೆಂಟ್ ಆರ್ಡರ್ ಬಂತು, ಭಾನುವಾರ ಕೆಲಸ. ಹುಡುಗರಿಗೆ ಹೇಳಲು ನನಗೆ ಮುಜುಗರ. "ನೀವು ಹೇಳಿದರೆ ಬರ್ತಾರೆ ಗುರುಗಳೇ" ಅಂದೆ. ಹೇಳಿದರು, ಬಂದರು. ಆದರೆ ಸೋಮವಾರ ಟೀ ಹೊತ್ತಿಗೆ ಅವರ ಸುತ್ತ ಯಾರೂ ಕೂರಲಿಲ್ಲ. ಆಫ್‌ಸೆಟ್ ವಿಷಯದಲ್ಲಿ ಅವರ ಮಾತನ್ನು ಕಣ್ಣುಮುಚ್ಚಿ ನಂಬುವವರು, ರಜೆ ವಿಷಯಕ್ಕೆ ಬಂದಾಗ ಅವರನ್ನು ಮ್ಯಾನೇಜ್‌ಮೆಂಟ್ ಕಡೆಯವರು ಅಂದುಕೊಂಡಿದ್ದರು.

"ಮೆಷಿನ್ ಬಗ್ಗೆ ಎಷ್ಟು ಬೇಕಾದರೂ ಕೇಳಿ ಸಾರ್. ಇಂಥದ್ದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ" ಅಂದರು.

ಮುಂದಿನ ಸಲ ಭಾನುವಾರದ ಕೆಲಸ ಬಂದಾಗ ನಾನೇ ಹುಡುಗರ ಮುಂದೆ ನಿಂತೆ. ಡಬಲ್ ರೇಟ್ ಓವರ್‌ಟೈಮ್ ಎಷ್ಟಾಗುತ್ತದೆ, ಬದಲಿ ರಜೆ ಯಾವತ್ತು ಎಂದು ಬರೆದುಕೊಟ್ಟೆ. ಇಬ್ಬರು ಆಗಲ್ಲ ಅಂದರು, ಉಳಿದವರು ಬಂದರು.